ಮೊದಲು ಯಾವ ತಿರುವು? ಮೂರು ಆಯಾಮಗಳಲ್ಲಿ ಕ್ರಮದ ಲೆಕ್ಕ

ಮೂರು ಆಯಾಮಗಳ ಜಾಗದಲ್ಲಿ ಒಂದು ಬಿಂದುವನ್ನು ತಿರುಗಿಸಬೇಕಾದರೆ ಎರಡು ಸಂಗತಿ ಗೊತ್ತಿರಬೇಕು: ಯಾವ ಗೆರೆಯ ಸುತ್ತ, ಎಷ್ಟು ಡಿಗ್ರಿ. ಆ ಗೆರೆಯನ್ನೇ ಅಕ್ಷ ಎನ್ನುತ್ತಾರೆ. ಬೀಸುವ ಕಲ್ಲಿನ ಹಿಡಿ ನಡುಗೂಟದ ಸುತ್ತ ಸುತ್ತುವ ಹಾಗೆ, ಬಿಂದುವೂ ಅಕ್ಷದಿಂದ ಒಂದೇ ದೂರದಲ್ಲಿ ಉಳಿದು ವೃತ್ತಾಕಾರವಾಗಿ ಚಲಿಸುತ್ತದೆ. ಅಕ್ಷದ ಉದ್ದಕ್ಕೂ ಅದು ಮೇಲೇರುವುದಿಲ್ಲ, ಕೆಳಗಿಳಿಯುವುದಿಲ್ಲ. ಅಕ್ಷದ ಮೇಲೆಯೇ ಇರುವ ಬಿಂದುವಾದರೆ ಕದಲುವುದೇ ಇಲ್ಲ.

ಕಾಗದದ ಮೇಲಿನ ಚಿತ್ರವನ್ನು ಕಾಗದದಲ್ಲೇ ತಿರುಗಿಸುವಾಗ ಕ್ರಮದ ಪ್ರಶ್ನೆ ಏಳುವುದಿಲ್ಲ. ಮೊದಲು 30° ತಿರುಗಿಸಿ ಆಮೇಲೆ 50° ತಿರುಗಿಸಿದರೂ, ಮೊದಲು 50° ಆಮೇಲೆ 30° ಆದರೂ ಒಟ್ಟು 80°. ಅಲ್ಲಿ ಅಕ್ಷ ಒಂದೇ, ಕಾಗದಕ್ಕೆ ನೆಟ್ಟಗೆ ನಿಂತ ಗೆರೆ. ಕೋನಗಳನ್ನು ಕೂಡಿದರೆ ಲೆಕ್ಕ ಮುಗಿಯಿತು. ಮೂರು ಆಯಾಮಗಳಲ್ಲಿ ಮಾತ್ರ ಅಕ್ಷಗಳು ಬೇರೆ ಬೇರೆ ದಿಕ್ಕಿಗೆ ಇರಬಹುದು. ಎರಡು ತಿರುವುಗಳ ಅಕ್ಷ ಬೇರೆಯಾದ ಕೂಡಲೇ, ಯಾವುದು ಮೊದಲು ಯಾವುದು ಆಮೇಲೆ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಇದನ್ನು ನೋಡಲು ಒಂದು ಪುಸ್ತಕ ಸಾಕು. ಮೇಜಿನ ಮೇಲೆ ಕನ್ನಡ ಪುಸ್ತಕವೊಂದನ್ನು ಓದಲು ಇಡುವ ಹಾಗೆ ಇಡಬೇಕು: ಮುಖಪುಟ ಮೇಲೆ, ಬೆನ್ನು ಎಡಕ್ಕೆ, ತಲೆಯ ಅಂಚು ಓದುಗರಿಂದ ಆಚೆಗೆ. ಬಲಕ್ಕೆ ಹೋಗುವ ಗೆರೆ x-ಅಕ್ಷ, ಓದುಗರಿಂದ ಆಚೆಗೆ ಹೋಗುವುದು y-ಅಕ್ಷ, ಮೇಜಿನಿಂದ ಮೇಲೇಳುವುದು z-ಅಕ್ಷ ಎಂದಿಟ್ಟುಕೊಳ್ಳೋಣ. ಮೊದಲ ತಿರುವಿನಲ್ಲಿ x-ಅಕ್ಷದ ಸುತ್ತ 90°, ಅಂದರೆ ಆಚೆಯ ಅಂಚನ್ನು ಎತ್ತಿ ಪುಸ್ತಕವನ್ನು ನಿಲ್ಲಿಸುವುದು. ಈಗ ಮುಖಪುಟ ಓದುಗರನ್ನು ನೋಡುತ್ತದೆ. ಎರಡನೆಯದು z-ಅಕ್ಷದ ಸುತ್ತ 90°, ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ. ನಿಂತ ಪುಸ್ತಕ ನಿಂತಲ್ಲೇ ತಿರುಗಿ, ಕಪಾಟಿನಲ್ಲಿ ಜೋಡಿಸಿದ ಹಾಗೆ ಬೆನ್ನನ್ನು ಓದುಗರಿಗೆ ತೋರಿಸುತ್ತದೆ. ಮುಖಪುಟ ಬಲಕ್ಕೆ ಹೋಗಿರುತ್ತದೆ.

ಪುಸ್ತಕವನ್ನು ಮತ್ತೆ ಮೊದಲಿನಂತೆ ಮಲಗಿಸಿ, ಅವೇ ಎರಡು ತಿರುವುಗಳನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆ ನೋಡಬೇಕು. ಮೊದಲು z-ಅಕ್ಷದ ಸುತ್ತ ತಿರುಗಿಸಿದಾಗ ಪುಸ್ತಕ ಮಲಗಿದಂತೆಯೇ ಅಡ್ಡವಾಗುತ್ತದೆ. ತಲೆಯ ಅಂಚು ಎಡಕ್ಕೆ, ಬೆನ್ನು ಓದುಗರ ಕಡೆಗೆ. ಆಮೇಲೆ x-ಅಕ್ಷದ ಸುತ್ತ ಎತ್ತಿದರೆ ಪುಸ್ತಕ ತನ್ನ ಬೆನ್ನನ್ನು ಊರಿ ನಿಲ್ಲುತ್ತದೆ. ಮುಖಪುಟ ಓದುಗರ ಕಡೆಗೇ ಇದೆ, ಆದರೆ ಅಕ್ಷರಗಳು ಅಡ್ಡ ಬಿದ್ದಿವೆ. ತಿರುವುಗಳು ಅವೇ, ಕೋನಗಳು ಅವೇ, ಅಕ್ಷಗಳೂ ಅವೇ. ಬದಲಾದದ್ದು ಸರದಿ ಒಂದೇ.

ಇದೇ ಪ್ರಯೋಗವನ್ನು ಅಂಕಿಗಳಲ್ಲಿ ಮಾಡಿದರೆ ಕಾರಣ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಅದಕ್ಕೂ ಮೊದಲು ದಿಕ್ಕಿನ ಬಗ್ಗೆ ಒಂದು ಒಪ್ಪಂದ ಬೇಕು. ಗಣಿತದಲ್ಲಿ ರೂಢಿಯಾಗಿರುವುದು ಬಲಗೈ ನಿಯಮ: ಬಲಗೈಯ ಹೆಬ್ಬೆರಳನ್ನು ಅಕ್ಷದ ದಿಕ್ಕಿಗೆ ಚಾಚಿದರೆ ಉಳಿದ ಬೆರಳುಗಳು ಮಡಚುವ ದಿಕ್ಕೇ ಧನ ಕೋನದ ದಿಕ್ಕು. ಈ ಒಪ್ಪಂದದಂತೆ z-ಅಕ್ಷದ ಸುತ್ತ θ ಕೋನದಷ್ಟು ತಿರುಗಿದ ಬಿಂದುವಿನ ಹೊಸ ನಿರ್ದೇಶಾಂಕಗಳು ಹೀಗಿರುತ್ತವೆ:

```
x' = x cos θ − y sin θ
y' = x sin θ + y cos θ
z' = z
```

z ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು. ಅಕ್ಷದ ಉದ್ದಕ್ಕೆ ಬಿಂದು ಸರಿಯುವುದಿಲ್ಲ ಎಂದು ಮೊದಲು ಹೇಳಿದ್ದು ಇದನ್ನೇ. θ ಎಂಬುದು 90° ಆದಾಗ cos ಸೊನ್ನೆ, sin ಒಂದು. ಸೂತ್ರ ತುಂಬ ಸರಳವಾಗಿಬಿಡುತ್ತದೆ. z-ಅಕ್ಷದ ಸುತ್ತ 90° ತಿರುಗಿದರೆ (x, y, z) ಬಿಂದು (−y, x, z) ಆಗುತ್ತದೆ. ಅದೇ ರೀತಿ x-ಅಕ್ಷದ ಸುತ್ತ 90° ತಿರುಗಿದರೆ (x, −z, y) ಆಗುತ್ತದೆ. ಮುಂದಿನ ಲೆಕ್ಕಕ್ಕೆ ಈ ಎರಡೇ ಸಾಕು, ಕ್ಯಾಲ್ಕುಲೇಟರ್ ಬೇಡ.

ಬಿಂದು (1, 2, 3) ಇರಲಿ. ಮೊದಲು x-ಅಕ್ಷದ ಸುತ್ತ ತಿರುಗಿಸಿದರೆ (1, −3, 2). ಆಮೇಲೆ z-ಅಕ್ಷದ ಸುತ್ತ ತಿರುಗಿಸಿದರೆ (3, 1, 2). ಕ್ರಮ ಬದಲಿಸಿ ಮೊದಲು z-ಅಕ್ಷದ ಸುತ್ತ ಹೋದರೆ (−2, 1, 3). ಆಮೇಲೆ x-ಅಕ್ಷದ ಸುತ್ತ ಹೋದರೆ (−2, −3, 1). ಒಂದು ಉತ್ತರ (3, 1, 2), ಇನ್ನೊಂದು (−2, −3, 1). ಎರಡೂ ಮೂಲಬಿಂದುವಿನಿಂದ ಒಂದೇ ದೂರದಲ್ಲಿವೆ. 1, 2, 3 ಇವುಗಳ ವರ್ಗಗಳ ಮೊತ್ತ 14, ಎರಡೂ ಉತ್ತರಗಳಲ್ಲಿ ಅದು 14 ಆಗಿಯೇ ಉಳಿದಿದೆ. ತಿರುವು ದೂರವನ್ನು ಕೆಡಿಸುವುದಿಲ್ಲ, ಆದ್ದರಿಂದ ಎರಡು ಲೆಕ್ಕದಲ್ಲಿ ಯಾವುದೂ ತಪ್ಪಲ್ಲ. ಅವು ಎರಡು ಬೇರೆ ಪ್ರಶ್ನೆಗಳ ಸರಿಯಾದ ಉತ್ತರಗಳು.

ಕಾರಣ ಮೊದಲ ಹೆಜ್ಜೆಯಲ್ಲೇ ಇದೆ. x-ಅಕ್ಷದ ಸುತ್ತ ತಿರುಗಿದಾಗ y ಮತ್ತು z ಬೆರೆಯುತ್ತವೆ: ಮೊದಲು ಎತ್ತರವಾಗಿದ್ದ 3 ಎಂಬ ಅಳತೆ ಈಗ y ಸ್ಥಾನಕ್ಕೆ ಬಂದಿದೆ. ಅನಂತರದ z-ತಿರುವು x ಮತ್ತು y ಸ್ಥಾನಗಳಲ್ಲಿರುವುದನ್ನು ಮಾತ್ರ ಕೈಗೆತ್ತಿಕೊಳ್ಳುತ್ತದೆ. ಹಾಗಾಗಿ ಈ ಹೊಸದಾಗಿ ಬಂದ 3 ಅದರ ಪಾಲಿಗೆ ಸಿಗುತ್ತದೆ. z-ತಿರುವನ್ನೇ ಮೊದಲು ಮಾಡಿದ್ದರೆ ಆ 3 ಇನ್ನೂ ಎತ್ತರವಾಗಿಯೇ ಇರುತ್ತಿತ್ತು, z-ತಿರುವು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಪ್ರತಿಯೊಂದು ತಿರುವೂ ತನ್ನ ಅಕ್ಷದ ದಿಕ್ಕಿನ ಅಳತೆಯನ್ನು ಬಿಟ್ಟು ಉಳಿದ ಎರಡನ್ನು ಕಲಸುತ್ತದೆ. ಮೊದಲ ತಿರುವು ಏನನ್ನು ಎಲ್ಲಿಗೆ ಸಾಗಿಸಿದೆ ಎಂಬುದರ ಮೇಲೆ ಎರಡನೆಯದು ಏನನ್ನು ಕಲಸುತ್ತದೆ, ಏನನ್ನು ಬಿಡುತ್ತದೆ ಎಂಬುದು ನಿಂತಿದೆ. ಗುಣಾಕಾರದಲ್ಲಿ 3 × 5 ಮತ್ತು 5 × 3 ಒಂದೇ ಎಂಬ ಪರಿವರ್ತನೀಯ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಮೂರು ಆಯಾಮಗಳ ತಿರುವುಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಎರಡು ತಿರುವುಗಳನ್ನು ಒಂದರ ಮೇಲೊಂದು ಮಾಡಿದಾಗ ಒಟ್ಟು ಪರಿಣಾಮ ಏನು ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1775ರಲ್ಲಿ ಉತ್ತರ ಕೊಟ್ಟರು. ಒಂದು ಬಿಂದುವನ್ನು ಸ್ಥಿರವಾಗಿಟ್ಟು ಗಟ್ಟಿ ವಸ್ತುವನ್ನು ಹೇಗೆ ತಿರುಗಿಸಿದರೂ, ಎಷ್ಟು ಸಲ ತಿರುಗಿಸಿದರೂ, ಕೊನೆಯ ಸ್ಥಿತಿಗೆ ಒಂದೇ ಅಕ್ಷದ ಸುತ್ತ ಒಂದೇ ತಿರುವಿನಲ್ಲಿ ತಲುಪಬಹುದು ಎಂಬುದು ಅವರ ಪ್ರಮೇಯ. ಹಾಗಾದರೆ ಮೇಲಿನ ಎರಡು ಪ್ರಯೋಗಗಳ ಹಿಂದಿರುವ ಆ ಒಂಟಿ ಅಕ್ಷ ಯಾವುದು? ಮೊದಲ ಕ್ರಮದಲ್ಲಿ (x, y, z) ಎಂಬ ಬಿಂದು (z, x, y) ಆಯಿತು, ಅಂದರೆ ಮೂರು ಅಳತೆಗಳು ಒಂದೊಂದು ಸ್ಥಾನ ಸರಿದವು. ಮೂರೂ ಅಳತೆ ಸಮನಾಗಿರುವ (1, 1, 1) ಬಿಂದು ಇದರಿಂದ ಕದಲುವುದಿಲ್ಲ. ಕದಲದ ಬಿಂದು ಇರುವುದು ಅಕ್ಷದ ಮೇಲೆಯೇ, ಆದ್ದರಿಂದ ಅಕ್ಷ ಮೂಲಬಿಂದುವಿನಿಂದ (1, 1, 1) ಕಡೆಗೆ ಹೋಗುವ ಓರೆ ಗೆರೆ. ಇದೇ ತಿರುವನ್ನು ಮೂರು ಸಲ ಮಾಡಿದರೆ ಎಲ್ಲವೂ ಮೊದಲಿನ ಸ್ಥಾನಕ್ಕೆ ಬರುತ್ತದೆ, ಹಾಗಾಗಿ ಕೋನ 360°ಯ ಮೂರನೆಯ ಒಂದು ಭಾಗ, 120°. ಎರಡನೆಯ ಕ್ರಮದಲ್ಲಿಯೂ ಕೋನ 120°ಯೇ ಬರುತ್ತದೆ, ಆದರೆ ಅಕ್ಷ (1, −1, 1) ಕಡೆಗಿನ ಬೇರೆ ಗೆರೆ. ಕ್ರಮ ಬದಲಾಯಿಸಿದಾಗ ತಿರುವಿನ ಪ್ರಮಾಣ ಉಳಿದು ಅಕ್ಷವೇ ಬೇರೆ ಕಡೆಗೆ ವಾಲಿತು. ಈ ವಿಷಯದಲ್ಲಿ ಅತ್ಯಂತ ಸುಂದರವಾದ ಸಂಗತಿ ಇದೇ ಎನ್ನಬೇಕು.

ಹೀಗೆ ಓರೆಯಾದ ಅಕ್ಷದ ಸುತ್ತ ಬಿಂದುವನ್ನು ನೇರವಾಗಿ ತಿರುಗಿಸುವ ಸೂತ್ರವೂ ಇದೆ. ಫ್ರಾನ್ಸಿನ ಒಲಾಂಡ್ ರಾಡ್ರಿಗ್ಸ್ 1840ರಲ್ಲಿ ಪ್ರಕಟಿಸಿದ ಕೆಲಸದಿಂದಾಗಿ ಅದಕ್ಕೆ ರಾಡ್ರಿಗ್ಸ್ ಸೂತ್ರವೆಂದೇ ಹೆಸರು. ಅದರ ಒಳಗಿನ ಯೋಚನೆ ಸರಳ. ಬಿಂದುವಿನ ಸ್ಥಾನವನ್ನು ಎರಡು ಭಾಗ ಮಾಡಬೇಕು: ಅಕ್ಷದ ಉದ್ದಕ್ಕೆ ಇರುವ ಭಾಗ, ಅಕ್ಷಕ್ಕೆ ಲಂಬವಾಗಿರುವ ಭಾಗ. ಮೊದಲನೆಯದನ್ನು ಹಾಗೆಯೇ ಬಿಡಬೇಕು, ಎರಡನೆಯದನ್ನು ಮಾತ್ರ ವೃತ್ತದ ಮೇಲೆ ತಿರುಗಿಸಬೇಕು.

(1, 2, 3) ಬಿಂದುವಿಗೇ ಇದನ್ನು ಅನ್ವಯಿಸೋಣ. ಅಕ್ಷ (1, 1, 1) ದಿಕ್ಕಿನದು, ಕೋನ 120°. ಮೂರು ಅಳತೆಗಳ ಸರಾಸರಿ 2, ಆದ್ದರಿಂದ ಅಕ್ಷದ ಉದ್ದಕ್ಕಿರುವ ಭಾಗ (2, 2, 2). ಅದನ್ನು ಕಳೆದರೆ ಉಳಿಯುವ ಲಂಬ ಭಾಗ (−1, 0, 1). ಅಕ್ಷಕ್ಕೂ ಈ ಲಂಬ ಭಾಗಕ್ಕೂ ಎರಡಕ್ಕೂ ಲಂಬವಾದ, ಲಂಬ ಭಾಗದಷ್ಟೇ ಉದ್ದದ ಮೂರನೆಯ ದಿಕ್ಕು ಬೇಕು. ಸದಿಶ ಗುಣಾಕಾರದಿಂದ ಅದು (1, −2, 1) ಅನ್ನು √3ರಿಂದ ಭಾಗಿಸಿದಷ್ಟು ಎಂದು ಸಿಗುತ್ತದೆ. ಇನ್ನು ವೃತ್ತದ ಮೇಲೆ ತಿರುಗಿಸುವುದೆಂದರೆ ಲಂಬ ಭಾಗವನ್ನು cos 120° ಅಂದರೆ −½ರಿಂದಲೂ, ಮೂರನೆಯ ದಿಕ್ಕನ್ನು sin 120° ಅಂದರೆ √3/2ರಿಂದಲೂ ಗುಣಿಸಿ ಕೂಡುವುದು. ಮೊದಲನೆಯದು (½, 0, −½), ಎರಡನೆಯದು (½, −1, ½). ಇವೆರಡನ್ನೂ ಮುಟ್ಟದೆ ಬಿಟ್ಟಿದ್ದ (2, 2, 2)ಕ್ಕೆ ಸೇರಿಸಿದರೆ (3, 1, 2). ಎರಡು ತಿರುವುಗಳ ಮೂಲಕ ತಲುಪಿದ ಜಾಗಕ್ಕೇ ಒಂದೇ ತಿರುವು ಕರೆದುಕೊಂಡು ಬಂದಿದೆ.

ಕ್ರಮ ಬದಲಿಸಿದರೂ ಉತ್ತರ ಬದಲಾಗದ ಸಂದರ್ಭಗಳೂ ಇವೆ, ಆದರೆ ಅವು ಬೆರಳೆಣಿಕೆಯಷ್ಟು. ಎರಡೂ ತಿರುವುಗಳಿಗೆ ಅಕ್ಷ ಒಂದೇ ಆಗಿದ್ದರೆ ಕೋನಗಳು ಕೂಡಿಕೊಳ್ಳುತ್ತವೆ. ಪರಸ್ಪರ ಲಂಬವಾದ ಎರಡು ಅಕ್ಷಗಳ ಸುತ್ತ ಸರಿಯಾಗಿ 180° ತಿರುಗಿಸಿದರೂ ತೊಂದರೆಯಿಲ್ಲ: x-ಅಕ್ಷದ ಅರ್ಧ ಸುತ್ತು y ಮತ್ತು z ಚಿಹ್ನೆಗಳನ್ನು ಬದಲಿಸುತ್ತದೆ, z-ಅಕ್ಷದ್ದು x ಮತ್ತು y ಚಿಹ್ನೆಗಳನ್ನು, ಯಾವುದು ಮೊದಲಾದರೂ ಉಳಿಯುವುದು (−x, y, −z).

ಇವಕ್ಕಿಂತ ಬಳಕೆಗೆ ಬರುವುದು ಸಣ್ಣ ಕೋನಗಳ ಸಂಗತಿ. ಅಲ್ಲಿ ಕ್ರಮದ ವ್ಯತ್ಯಾಸ ಅಳಿಯುವುದಿಲ್ಲ, ಆದರೆ ಬೇಗ ಕುಗ್ಗುತ್ತದೆ. x ಮತ್ತು z ಅಕ್ಷಗಳ ಸುತ್ತ ಸಣ್ಣ ತಿರುವುಗಳನ್ನು ಎರಡು ಕ್ರಮದಲ್ಲಿ ಮಾಡಿದಾಗ ಸಿಗುವ ಉತ್ತರಗಳ ನಡುವೆ ಉಳಿಯುವುದು ಹೆಚ್ಚುಕಡಿಮೆ y-ಅಕ್ಷದ ಸುತ್ತಲಿನ ಒಂದು ಚಿಕ್ಕ ತಿರುವು. ಅದರ ಕೋನ ಎರಡು ಕೋನಗಳ ಗುಣಲಬ್ಧದಷ್ಟು, ರೇಡಿಯನ್ ಲೆಕ್ಕದಲ್ಲಿ. ಒಂದು ಡಿಗ್ರಿ ಎಂದರೆ 0.01745 ರೇಡಿಯನ್, ಅದರ ವರ್ಗ ಸುಮಾರು 0.0003. ಭೂಮಿಯಷ್ಟು ದೊಡ್ಡ ಗೋಲದ ಮೇಲೆ ಒಂದು ಡಿಗ್ರಿಯ ತಿರುವು ಬಿಂದುವನ್ನು 111 ಕಿ.ಮೀ.ವರೆಗೂ ಒಯ್ಯಬಲ್ಲದು, ಕ್ರಮ ತಪ್ಪಿದ್ದರಿಂದ ಬರುವ ಅಂತರ ಹೆಚ್ಚೆಂದರೆ ಸುಮಾರು 2 ಕಿ.ಮೀ. ಕೋನವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಅಂತರ ನೂರನೇ ಒಂದಕ್ಕೆ, ಅಂದರೆ ಸುಮಾರು 20 ಮೀಟರಿಗೆ ಇಳಿಯುತ್ತದೆ. ಫೋನಿನೊಳಗಿನ ಗೈರೋಸ್ಕೋಪಿನಂಥ ಸಾಧನಗಳು ತಿರುಗುವಿಕೆಯನ್ನು ಇಂಥ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಅಳೆಯುತ್ತವೆ. ಒಂದು ಹೆಜ್ಜೆಯ ಒಳಗೆ ಕ್ರಮದ ಚಿಂತೆ ಅಷ್ಟಾಗಿ ಇರುವುದಿಲ್ಲ. ಹಾಗೆಂದು ಇಡೀ ದಿನದ x-ಕೋನಗಳನ್ನೆಲ್ಲ ಒಂದು ಕಡೆ, z-ಕೋನಗಳನ್ನೆಲ್ಲ ಇನ್ನೊಂದು ಕಡೆ ಕೂಡಿಟ್ಟು ಕೊನೆಗೆ ತಿರುಗಿಸಹೊರಟರೆ ದಿಕ್ಕು ಪೂರ್ತಿ ತಪ್ಪುತ್ತದೆ. ಪ್ರತಿ ಹೆಜ್ಜೆಯನ್ನೂ ಅದು ಬಂದ ಸರದಿಯಲ್ಲೇ ಹಿಂದಿನದರ ಮೇಲೆ ಪೇರಿಸುತ್ತ ಹೋಗಬೇಕು.

ಇಲ್ಲಿಯವರೆಗೆ ಅಕ್ಷಗಳು ಮೇಜಿಗೆ ಅಂಟಿಕೊಂಡಿದ್ದವು; ಪುಸ್ತಕ ತಿರುಗಿದರೂ ಅವು ಅಲ್ಲೇ ಇದ್ದವು. ವಿಮಾನದ ಪೈಲಟಿಗೆ ಹಾಗಲ್ಲ. ಅಕ್ಷಗಳು ವಿಮಾನದ ಮೈಗೇ ಅಂಟಿರುತ್ತವೆ: ಮೂತಿಯಿಂದ ಬಾಲದವರೆಗೆ ಒಂದು, ರೆಕ್ಕೆಯಿಂದ ರೆಕ್ಕೆಗೆ ಇನ್ನೊಂದು, ನೆಲದಿಂದ ಸೂರಿನ ಕಡೆಗೆ ಮತ್ತೊಂದು. ವಿಮಾನ ತಿರುಗಿದಂತೆ ಇವೂ ತಿರುಗುತ್ತವೆ. ಉತ್ತರಕ್ಕೆ ಮುಖ ಮಾಡಿ ಸಮತಟ್ಟಾಗಿ ಹಾರುವ ವಿಮಾನವೊಂದು ಮೊದಲು ತನ್ನ ಲಂಬ ಅಕ್ಷದ ಸುತ್ತ ಬಲಕ್ಕೆ 90° ತಿರುಗಿ, ಆಮೇಲೆ ರೆಕ್ಕೆಗಳ ಅಕ್ಷದ ಸುತ್ತ ಮೂತಿಯನ್ನು 30° ಎತ್ತಿತು ಎನ್ನೋಣ. ಮೂತಿ ಪೂರ್ವಕ್ಕಿದೆ, ದಿಗಂತದಿಂದ 30° ಮೇಲಿದೆ. ಕ್ರಮ ಬದಲಾಗಲಿ: ಮೊದಲು ಮೂತಿಯನ್ನು 30° ಎತ್ತಲಿ. ಆಗ ವಿಮಾನದ ಲಂಬ ಅಕ್ಷವೂ 30° ಹಿಂದಕ್ಕೆ ವಾಲುತ್ತದೆ. ವಾಲಿದ ಆ ಅಕ್ಷದ ಸುತ್ತ ಬಲಕ್ಕೆ 90° ತಿರುಗಿದರೆ, ಬಲ ರೆಕ್ಕೆ ಇದ್ದ ಕಡೆಗೆ ಮೂತಿ ಬರುತ್ತದೆ. ಆ ರೆಕ್ಕೆ ಪೂರ್ವಕ್ಕೆ, ದಿಗಂತದ ಮಟ್ಟದಲ್ಲೇ ಇತ್ತು. ಹಾಗಾಗಿ ಮೂತಿ ಪೂರ್ವಕ್ಕೆ ಬಂದರೂ ಒಂದಿಷ್ಟೂ ಎತ್ತಿಲ್ಲ. ಎತ್ತಿದ 30° ಎಲ್ಲಿ ಹೋಯಿತು? ಮೂತಿ ಇದ್ದ ಕಡೆಗೆ ಈಗ ಎಡ ರೆಕ್ಕೆ ಬಂದಿದೆ, ಅದು 30° ಮೇಲೆದ್ದಿದೆ. ಬಲ ರೆಕ್ಕೆ ಅಷ್ಟೇ ಕೆಳಗಿಳಿದಿದೆ. ಮೇಲೇರಬೇಕಾದ ವಿಮಾನ ಪಕ್ಕಕ್ಕೆ ವಾಲಿ ನಿಂತಿತು.

ಈಗ ಇದನ್ನು ನೆಲಕ್ಕೆ ಅಂಟಿದ ಅಕ್ಷಗಳಿಂದ ಮಾಡಿದರೆ ಒಂದು ವಿಚಿತ್ರ ಹೊಂದಾಣಿಕೆ ಕಾಣುತ್ತದೆ. ಮೊದಲು ಪೂರ್ವ-ಪಶ್ಚಿಮ ಗೆರೆಯ ಸುತ್ತ ಮೂತಿಯನ್ನು 30° ಎತ್ತಿ, ಆಮೇಲೆ ನೆಲಕ್ಕೆ ನೆಟ್ಟಗಿರುವ ಗೆರೆಯ ಸುತ್ತ ಬಲಕ್ಕೆ 90° ತಿರುಗಿಸಿದರೆ ಮೂತಿ ಪೂರ್ವಕ್ಕೆ, 30° ಮೇಲೆ. ವಿಮಾನದ ಮೈಯ ಅಕ್ಷಗಳಲ್ಲಿ ಮೊದಲು ತಿರುಗಿ ಆಮೇಲೆ ಎತ್ತಿದಾಗ ಸಿಕ್ಕಿದ್ದೂ ಇದೇ. ಇದು ಆಕಸ್ಮಿಕವಲ್ಲ, ಯಾವಾಗಲೂ ಹೀಗೆಯೇ: ವಸ್ತುವಿನ ಅಕ್ಷಗಳ ಸುತ್ತ ಒಂದು ಕ್ರಮದಲ್ಲಿ ಮಾಡಿದ ತಿರುವುಗಳು, ಸ್ಥಿರ ಅಕ್ಷಗಳ ಸುತ್ತ ಅದರ ತಿರುಗುಮುರುಗು ಕ್ರಮದಲ್ಲಿ ಮಾಡಿದ ತಿರುವುಗಳಿಗೆ ಸಮ. ಆದ್ದರಿಂದ ಕ್ರಮ ಹೇಳುವಾಗ ಅಕ್ಷಗಳು ಯಾವುದಕ್ಕೆ ಅಂಟಿವೆ ಎಂಬುದನ್ನೂ ಹೇಳದಿದ್ದರೆ ಹೇಳಿದ್ದು ಅರ್ಧವೇ ಆಗುತ್ತದೆ.

ಅಕ್ಷ ಮೂಲಬಿಂದುವಿನ ಮೂಲಕ ಹಾದುಹೋಗದಿದ್ದರೆ ಇನ್ನೊಂದು ಕ್ರಮವನ್ನು ಪಾಲಿಸಬೇಕು: ಅಕ್ಷವನ್ನು ಮೂಲಬಿಂದುವಿಗೆ ಸರಿಸುವುದು, ತಿರುಗಿಸುವುದು, ಮತ್ತೆ ಹಿಂದಕ್ಕೆ ಸರಿಸುವುದು. (2, 0, 0) ಮೂಲಕ ನೆಟ್ಟಗೆ ನಿಂತ ಗೆರೆಯ ಸುತ್ತ (3, 0, 0) ಬಿಂದುವನ್ನು 90° ತಿರುಗಿಸಬೇಕೆಂದರೆ, 2 ಕಳೆದು (1, 0, 0), ತಿರುಗಿಸಿ (0, 1, 0), 2 ಕೂಡಿ (2, 1, 0). ಸರಿಸುವುದನ್ನು ಮರೆತು ನೇರವಾಗಿ ತಿರುಗಿಸಿದರೆ ಬಿಂದು (0, 3, 0)ಕ್ಕೆ ಎಸೆಯಲ್ಪಡುತ್ತದೆ. ಪರದೆಯ ಮೇಲೆ ಇದ್ದಲ್ಲೇ ತಿರುಗಬೇಕಾದ ಆಕೃತಿ ದೂರದಲ್ಲೆಲ್ಲೋ ದೊಡ್ಡ ವೃತ್ತದಲ್ಲಿ ಸುತ್ತತೊಡಗಿದರೆ ಆಗಿರುವುದು ಸಾಮಾನ್ಯವಾಗಿ ಇದೇ.

ಕಂಪ್ಯೂಟರಿನಲ್ಲಿ ಈ ಲೆಕ್ಕ ಬರೆಯುವವರು ಪದೇಪದೇ ಎಡವುವ ಮತ್ತೊಂದು ಜಾಗ ಕ್ರಮದ್ದೇ, ಆದರೆ ಎರಡು ಸಾಲಿನ ಒಳಗಿನ ಕ್ರಮ:

```
x = x*cos(t) - y*sin(t)
y = x*sin(t) + y*cos(t)
```

ಓದಲು ಸೂತ್ರದಂತೆಯೇ ಇದೆ. ಆದರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ x ಹಳೆಯ ಬೆಲೆ ಕಳೆದುಕೊಂಡಿದೆ. (1, 0) ಬಿಂದುವನ್ನು 90° ತಿರುಗಿಸಿ ನೋಡಿದರೆ ತಪ್ಪು ಬಯಲಾಗುತ್ತದೆ: ಮೊದಲ ಸಾಲಿನಲ್ಲಿ x ಸೊನ್ನೆಯಾಗುತ್ತದೆ, ಆ ಸೊನ್ನೆಯಿಂದಲೇ y ಕೂಡ ಸೊನ್ನೆಯಾಗುತ್ತದೆ, ಬಿಂದು ಮೂಲಬಿಂದುವಿನಲ್ಲಿ ಮುಳುಗಿಹೋಗುತ್ತದೆ. ಹೊಸ ಬೆಲೆಗಳನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡರೆ ಸಮಸ್ಯೆ ಇಲ್ಲ. ಇಂಥ ತಪ್ಪನ್ನು ಹಿಡಿಯಲು ಒಳ್ಳೆಯ ಪರೀಕ್ಷೆ ದೂರವನ್ನು ನೋಡುವುದು. ತಿರುಗಿದ ಮೇಲೆ ಮೂಲಬಿಂದುವಿನಿಂದ ಬಿಂದುವಿನ ದೂರ ಬದಲಾಗಿದ್ದರೆ ನಡೆದದ್ದು ತಿರುವೇ ಅಲ್ಲ. ಡಿಗ್ರಿ ಮತ್ತು ರೇಡಿಯನ್ ಅದಲುಬದಲಾದ ತಪ್ಪು ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ, ಏಕೆಂದರೆ ಅಲ್ಲಿ ತಿರುವು ಸರಿಯಾಗಿಯೇ ಆಗುತ್ತದೆ, ಕೋನ ಮಾತ್ರ ಬೇರೆ. 90 ಎಂದು ಕೊಟ್ಟದ್ದನ್ನು ಹೆಚ್ಚಿನ ಭಾಷೆಗಳ `cos` 90 ರೇಡಿಯನ್ ಎಂದು ಓದುತ್ತದೆ. x-ಅಕ್ಷದ ಮೇಲಿನ (1, 0, 0) ಬಿಂದುವನ್ನು z-ಅಕ್ಷದ ಸುತ್ತ 90° ತಿರುಗಿಸಿ ಅದು (0, 1, 0)ಕ್ಕೆ ಬಂತೇ ಎಂದು ನೋಡುವುದು ಅದಕ್ಕಿರುವ ಪರೀಕ್ಷೆ. ಉತ್ತರ (0, −1, 0) ಎಂದು ಬಂದರೆ ಬಲಗೈ ನಿಯಮ ಎಲ್ಲೋ ಎಡಗೈಯಾಗಿದೆ ಎಂದರ್ಥ.

ಕ್ರಮದ ತಪ್ಪು ಈ ಎಲ್ಲ ಪರೀಕ್ಷೆಗಳನ್ನೂ ದಾಟಿಬಿಡುತ್ತದೆ. ದೂರ ಸರಿ, ಕೋನ ಸರಿ, ದಿಕ್ಕು ಸರಿ. ಒಂದೇ ಅಕ್ಷದ ಸುತ್ತ ತಿರುಗಿಸಿ ನೋಡಿದರೆ ಎಲ್ಲವೂ ಸರಿಯೇ. ಎರಡು ಅಕ್ಷಗಳಿಗೂ ಸೊನ್ನೆಯಲ್ಲದ ದೊಡ್ಡ ಕೋನ ಕೊಟ್ಟಾಗ ಮಾತ್ರ ಅದು ತಲೆಯೆತ್ತುತ್ತದೆ. ಮೂರು ಕೋನಗಳಿಂದ ಒಂದು ವಸ್ತುವಿನ ನಿಲುವನ್ನು ಹೇಳಲು 12 ಬೇರೆ ಬೇರೆ ಅಕ್ಷಕ್ರಮಗಳಿವೆ, ಅವುಗಳಲ್ಲಿ ಒಂದೊಂದನ್ನೂ ಸ್ಥಿರ ಅಕ್ಷಗಳಲ್ಲಿ ಓದಬಹುದು, ವಸ್ತುವಿನ ಅಕ್ಷಗಳಲ್ಲಿಯೂ ಓದಬಹುದು. ಬ್ಲೆಂಡರ್ ಎಂಬ ಪ್ರಸಿದ್ಧ ಚಿತ್ರರಚನೆಯ ತಂತ್ರಾಂಶದಲ್ಲಿ XYZ ಎಂದರೆ ಸ್ಥಿರ ಅಕ್ಷಗಳ ಸುತ್ತ ಮೊದಲು X, ಆಮೇಲೆ Y, ಕೊನೆಗೆ Z. ವೆಬ್ ಪುಟಗಳಲ್ಲಿ ಮೂರು ಆಯಾಮದ ಚಿತ್ರ ತೋರಿಸುವ three.js ಎಂಬ ಸಲಕರಣೆಯಲ್ಲಿ ಅದೇ XYZ ಎಂದರೆ ವಸ್ತುವಿನ ಅಕ್ಷಗಳ ಸುತ್ತ ಆ ಸರದಿ. ಒಂದೇ ಮೂರು ಅಕ್ಷರಗಳಿಗೆ ಎರಡು ಕಡೆ ಒಂದಕ್ಕೊಂದು ತಿರುಗುಮುರುಗಾದ ಅರ್ಥ. ಬ್ಲೆಂಡರಿನ XYZ ಕೋನಗಳನ್ನು three.js ಒಳಗೆ ಹಾಕುವಾಗ ಕ್ರಮವನ್ನು ZYX ಎಂದು ಬರೆಯಬೇಕು.